ಪಾಳಿಯ ಲೆಕ್ಕದಿಂದ ಪ್ರೋಗ್ರಾಮಿಂಗ್: 26 ವಾರಗಳ ಯೋಜನೆ

ನಾನು ಶಿಗ್ಗಾಂವಿ ಕಡೆಯವನು. ಟೆ ಪುಕೆಯ ಪ್ಯಾಕ್‌ಹೌಸಿನಲ್ಲಿ ರಾತ್ರಿ ಪಾಳಿ ಮಾಡುತ್ತಲೇ ಪ್ರೋಗ್ರಾಮಿಂಗ್ ಕಲಿತವನು. ಇವತ್ತು ಹೇಳೋದು ನನ್ನ ಆರು ತಿಂಗಳ ಯೋಜನೆಯನ್ನ, ಅದರಲ್ಲಿ ನಾನು ಬಿದ್ದ ಜಾಗಗಳ ಸಮೇತ.

ಮೊದಲು ಯಾವಾಗ ಶುರು ಮಾಡಬೇಕು ಅನ್ನೋದು. ಕಿವಿ ಹಣ್ಣಿನ ಕೊಯ್ಲು ಮಾರ್ಚಿನಿಂದ ಜೂನ್‌ವರೆಗೆ. ಆಗ ಪುಸ್ತಕ ತೆರೆದರೆ ಅದರ ಮೇಲೇ ನಿದ್ದೆ. ಜುಲೈ ಮೊದಲ ಸೋಮವಾರ ಶುರು ಮಾಡಿದರೆ ಡಿಸೆಂಬರ್ ಕೊನೆಗೆ 26 ವಾರ ಮುಗಿಯುತ್ತದೆ. ವಾರಕ್ಕೆ ಎಂಟು ಗಂಟೆ: ಕೆಲಸದ ನಾಲ್ಕು ದಿನ ಒಂದೊಂದು ಗಂಟೆ, ರಜೆಯ ದಿನ ಮೂರು ಗಂಟೆ, ಇನ್ನೊಂದು ಗಂಟೆ ಹಿಂದಿನ ವಾರದ್ದನ್ನ ನೋಡದೆ ಮತ್ತೆ ಬರೆಯೋದಕ್ಕೆ. 7, 15, 23ನೇ ವಾರಗಳನ್ನ ಖಾಲಿ ಇಟ್ಟುಕೊಳ್ಳಿ. ಓವರ್‌ಟೈಮ್ ಬಂದು ಒಂದು ವಾರ ತಪ್ಪೇ ತಪ್ಪುತ್ತದೆ. ತಪ್ಪಿದ್ದನ್ನ ಆ ಖಾಲಿ ವಾರಕ್ಕೆ ತಳ್ಳಿ. ಮುಂದಿನ ವಾರದ ಜೊತೆ ಸೇರಿಸಿ ಹದಿನಾರು ಗಂಟೆ ಕೂರ್ತೀನಿ ಅನ್ನಬೇಡಿ. ನಾನು ಹಾಗೆ ಮಾಡಿ ಎರಡು ವಾರವನ್ನೂ ಕಳೆದುಕೊಂಡೆ.

ಭಾಷೆ ಪೈಥಾನ್, ಅದು ಉಚಿತ. ಪುಸ್ತಕ ಅಲ್ ಸ್ವೈಗಾರ್ಟ್ ಬರೆದ 'ಆಟೋಮೇಟ್ ದ ಬೋರಿಂಗ್ ಸ್ಟಫ್ ವಿತ್ ಪೈಥಾನ್', ಅದನ್ನೂ ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಓದಬಹುದು. ಹಳೇ ಲ್ಯಾಪ್‌ಟಾಪ್ ಸಾಕು, ಆದರೆ ಮೊಬೈಲ್ ಸಾಲದು. ಲ್ಯಾಪ್‌ಟಾಪ್ ಇಲ್ಲದವರು ಊರಿನ ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಶುರು ಮಾಡಬಹುದು.

ಇನ್ನು ಏನು ಬರೆಯೋದು? ಆರು ತಿಂಗಳೂ ಒಂದೇ ಪ್ರೋಗ್ರಾಮ್ ಬೆಳೆಸಿ: ನಿಮ್ಮ ಪಾಳಿಯ ಗಂಟೆ, ನಿಮ್ಮ ಸಂಬಳ. ಇದಕ್ಕೆ ಕಾರಣ ಉಂಟು. ಉತ್ತರ ಸರಿಯೋ ತಪ್ಪೋ ಅಂತ ತೋರಿಸೋಕೆ ಮೇಷ್ಟ್ರು ಬೇಕಿಲ್ಲ, ಪೇ ಸ್ಲಿಪ್ ಇದೆಯಲ್ಲ.

ಮೊದಲ ಆರು ವಾರಕ್ಕೆ ವಾರಕ್ಕೊಂದು ವಿಷಯ: ವೇರಿಯಬಲ್, ಸಂಖ್ಯೆ ಮತ್ತು ಅಕ್ಷರ, `if`, ಲೂಪ್, ಪಟ್ಟಿ, ಫಂಕ್ಷನ್. ಎರಡನೇ ವಾರದಲ್ಲಿ ಎಲ್ಲರೂ ಒಂದು ಹಳ್ಳಕ್ಕೆ ಬೀಳ್ತಾರೆ. ಸೋಮವಾರ 8 ಗಂಟೆ, ಮಂಗಳವಾರ 7 ಗಂಟೆ ಅಂತ ಕೊಟ್ಟು ಕೂಡಿಸಿದರೆ 15 ಬರೋದಿಲ್ಲ, 87 ಬರುತ್ತದೆ. ಯಾಕಂದರೆ `input()` ತರೋದು ಅಕ್ಷರವನ್ನ, ಸಂಖ್ಯೆಯನ್ನಲ್ಲ. 8ರ ಪಕ್ಕ 7 ಅಂಟಿಸಿಬಿಡುತ್ತದೆ. `float(input())` ಅಂತ ಬರೆದರೆ ಸರಿಹೋಗುತ್ತದೆ. ಆರನೇ ವಾರದ ಕೊನೆಗೆ ಮೊದಲ ತಪಾಸಣೆ: ಖಾಲಿ ಫೈಲ್ ತೆರೆದು, ವಿಡಿಯೊ ಪುಸ್ತಕ ಮುಚ್ಚಿಟ್ಟು, ಗಂಟೆ ಮತ್ತು ದರ ಕೇಳಿ ಸಂಬಳ ಹೇಳುವ ಪ್ರೋಗ್ರಾಮ್ ಬರೆಯಿರಿ. 8 ಗಂಟೆ, ಗಂಟೆಗೆ 23.50 ಡಾಲರ್ ಕೊಟ್ಟರೆ 188 ಬರಬೇಕು. ಅರ್ಧ ಗಂಟೆ ಕೂತರೂ ಕೈ ಓಡಲಿಲ್ಲ ಅಂದರೆ ನೀವು ಇಷ್ಟು ದಿನ ನೋಡಿದ್ದೀರಿ, ಬರೆದಿಲ್ಲ ಅಂತರ್ಥ. ಖಾಲಿ ವಾರ ಇರೋದು ಅದಕ್ಕೇ.

ಎಂಟರಿಂದ ಹದಿನಾಲ್ಕನೇ ವಾರ ಫೈಲ್ ಓದೋದು, ಡಿಕ್ಷನರಿ, ಸಮಯದ ಲೆಕ್ಕ, ದೋಷ ಹಿಡಿಯೋದು. ಪ್ರತಿ ಪಾಳಿಗೂ ಒಂದು ಸಾಲು ಬರೆದಿಡಿ: ತಾರೀಖು, ಒಳಗೆ, ಹೊರಗೆ, ಸಂಬಳವಿಲ್ಲದ ಬ್ರೇಕಿನ ನಿಮಿಷ. `2025-09-27,22:00,06:30,30` ಹೀಗೆ. ಇಲ್ಲಿ ಸ್ವಲ್ಪ ನಿಲ್ಲೋಣ, ನಾನು ಅತಿ ಹೆಚ್ಚು ಕಲಿತದ್ದು ಇಲ್ಲೇ.

ರಾತ್ರಿ ಪಾಳಿಯಲ್ಲಿ 06:30ರಿಂದ 22:00 ಕಳೆದರೆ ಉತ್ತರ ಮೈನಸ್ ಹದಿನೈದೂವರೆ. ಕಂಪ್ಯೂಟರಿಗೆ ಮಧ್ಯರಾತ್ರಿ ದಾಟಿದ್ದು ಗೊತ್ತಿಲ್ಲ. ಹೊರಬಂದ ಹೊತ್ತು ಒಳಹೋದ ಹೊತ್ತಿಗಿಂತ ಚಿಕ್ಕದಿದ್ದರೆ ತಾರೀಖಿಗೆ ಒಂದು ದಿನ ಸೇರಿಸಿದೆ. ಎಂಟೂವರೆ ಬಂತು, ಬ್ರೇಕ್ ಕಳೆದು ಎಂಟು. ಎರಡು ವಾರ ಪೇ ಸ್ಲಿಪ್‌ಗೆ ಸರಿಯಾಗಿ ತಾಳೆಯಾಯ್ತು.

ಸೆಪ್ಟೆಂಬರ್ ಕೊನೆಯ ಶನಿವಾರದ ರಾತ್ರಿ ಪಾಳಿಗೆ ಮಾತ್ರ ಪೇ ಸ್ಲಿಪ್‌ನಲ್ಲಿ ಏಳು ಗಂಟೆ ಇತ್ತು. ನನ್ನ ಪ್ರೋಗ್ರಾಮ್ ಎಂಟು ಅಂತು. ಒಂದು ಗಂಟೆ ತಿಂದುಬಿಟ್ಟರಲ್ಲ ಅಂತ ಸೂಪರ್‌ವೈಸರ್ ಹತ್ತಿರ ಹೊರಟೇಬಿಟ್ಟಿದ್ದೆ. ರೂಮಿನಲ್ಲಿದ್ದ ಅಣ್ಣ, "ಅಂದು ರಾತ್ರಿ ಗಡಿಯಾರ ಮುಂದೆ ಹೋಗಿತ್ತಲ್ಲೋ, ಮರೆತ್ಯಾ?" ಅಂದ. ಹೌದು. ಇಲ್ಲಿ ಸೆಪ್ಟೆಂಬರ್ ಕೊನೆಯ ಭಾನುವಾರ ಬೆಳಗಿನ ಜಾವ ಎರಡು ಗಂಟೆ ಆದ ಕೂಡಲೇ ಮೂರು ಆಗುತ್ತದೆ. ನಮ್ಮ ದೇಶದಲ್ಲಿ ಈ ಪದ್ಧತಿ ಇಲ್ಲ, ಹಾಗಾಗಿ ನಮ್ಮ ತಲೆಗೂ ಬರೋದಿಲ್ಲ. ನಾನು ನಿಜವಾಗಿ ದುಡಿದದ್ದು ಏಳೇ ಗಂಟೆ.

ಸರಿ, ನ್ಯೂಜಿಲೆಂಡ್ ಸಮಯ ವಲಯ ಹಾಕಿದರೆ ಆಯ್ತು ಅಂದುಕೊಂಡೆ. ಆಗಲೂ ಎಂಟೂವರೆಯೇ ಬಂತು! ಪೈಥಾನಿನಲ್ಲಿ ಎರಡೂ ಹೊತ್ತು ಒಂದೇ ವಲಯದವಾದರೆ ಅದು ಗಡಿಯಾರದ ಮುಖ ನೋಡಿ ಕಳೆಯುತ್ತದೆ. ಎರಡನ್ನೂ ಮೊದಲು ಯುಟಿಸಿಗೆ, ಅಂದರೆ ಎಂದೂ ಹಿಂದೆ ಮುಂದೆ ಆಗದ ಜಾಗತಿಕ ಸಮಯಕ್ಕೆ, ಬದಲಿಸಬೇಕು:

```python
from datetime import datetime, timezone
from zoneinfo import ZoneInfo

nz = ZoneInfo("Pacific/Auckland")
a = datetime(2025, 9, 27, 22, 0, tzinfo=nz)
b = datetime(2025, 9, 28, 6, 30, tzinfo=nz)
print(b - a)
u = timezone.utc
print(b.astimezone(u) - a.astimezone(u))
```

ಮೊದಲ ಸಾಲು `8:30:00` ಅನ್ನುತ್ತದೆ, ಎರಡನೆಯದು `7:30:00`. ಬ್ರೇಕ್ ಕಳೆದರೆ ಏಳು. ವಿಂಡೋಸ್‌ನಲ್ಲಿ ವಲಯ ಸಿಗಲಿಲ್ಲ ಅಂದರೆ ಒಮ್ಮೆ `pip install tzdata` ಕೊಡಿ. ಜುಲೈಯಲ್ಲಿ ಶುರು ಮಾಡಿದವರಿಗೆ ಈ ಭಾನುವಾರ ಹನ್ನೆರಡು ಅಥವಾ ಹದಿಮೂರನೇ ವಾರದಲ್ಲಿ ತಾನಾಗಿ ಸಿಗುತ್ತದೆ. ಏಪ್ರಿಲ್ ಮೊದಲ ಭಾನುವಾರ ಇದರ ಉಲ್ಟಾ: ಗಡಿಯಾರ ಹಿಂದೆ ಹೋಗುತ್ತದೆ, ಅದೇ ಪಾಳಿ ಒಂಬತ್ತು ಗಂಟೆಯಾಗುತ್ತದೆ. ಅಂದು ಪೇ ಸ್ಲಿಪ್‌ನಲ್ಲಿ ಎಂಟೇ ಇದ್ದರೆ ಧಾರಾಳವಾಗಿ ಹೋಗಿ ಕೇಳಿ. ಗಂಟೆ ಮತ್ತು ಸಂಬಳದ ದಾಖಲೆಯನ್ನ ಮಾಲೀಕರು ಆರು ವರ್ಷ ಇಡಬೇಕು, ನೀವು ಕೇಳಿದರೆ ತೋರಿಸಬೇಕು. ಇಲ್ಲಿನ ಕಾನೂನು ಅದು. ಹದಿನಾಲ್ಕನೇ ವಾರದ ಎರಡನೇ ತಪಾಸಣೆ ಅಂದರೆ ಇಷ್ಟೇ: ಎರಡು ವಾರದ ಫೈಲ್ ಓದಿಸಿ, ಪೇ ಸ್ಲಿಪ್ ಪಕ್ಕಕ್ಕಿಟ್ಟು, ವ್ಯತ್ಯಾಸ ಬಂದರೆ ಮೊದಲು ನಿಮ್ಮ ಕೋಡಿನ ಮೇಲೆ ಅನುಮಾನ ಪಡಿ.

ಹದಿನಾರರಿಂದ ಇಪ್ಪತ್ತೆರಡನೇ ವಾರದ್ದು ಬೇಗ ಹೇಳಿಬಿಡ್ತೀನಿ. ಎರಡು ವಾರ ಗಿಟ್, ಅಂದರೆ ಕೋಡಿನ ಹಳೇ ಪ್ರತಿಗಳನ್ನ ಕಾಯ್ದಿಡೋದು. ಎರಡು ವಾರ ಪರೀಕ್ಷೆ ಬರೆಯೋದು. ಸೆಪ್ಟೆಂಬರ್ ರಾತ್ರಿ ಏಳು, ಏಪ್ರಿಲ್ ರಾತ್ರಿ ಒಂಬತ್ತು, ಮಾಮೂಲಿ ರಾತ್ರಿ ಎಂಟು ಅನ್ನೋ ಮೂರು ಪರೀಕ್ಷೆ ಇಲ್ಲದೆ ಮುಂದೆ ಹೋಗಬೇಡಿ. ಉಳಿದ ಮೂರು ವಾರ ಫೈಲ್ ಬದಲು ಎಸ್‌ಕ್ಯುಎಲೈಟ್ ಡೇಟಾಬೇಸ್. ಮೂರನೇ ತಪಾಸಣೆಗೆ ಕೋಡಿನಲ್ಲಿ ಒಂದು ಸಾಲು ಬೇಕಂತಲೇ ಕೆಡಿಸಿ ನೋಡಿ. ಯಾವ ಪರೀಕ್ಷೆಯೂ ಕೂಗಲಿಲ್ಲ ಅಂದರೆ ನಿಮ್ಮ ಪರೀಕ್ಷೆಗಳು ಏನೂ ಕಾಯ್ತಾ ಇಲ್ಲ.

ಒಂದು ಮಾತು ಖಡಾಖಂಡಿತವಾಗಿ. ಆರು ತಿಂಗಳಿಗೆ ಸಾಫ್ಟ್‌ವೇರ್ ಕೆಲಸ ಸಿಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಖಾಲಿ ವಾರ ಬಿಟ್ಟರೆ ಇದು 184 ಗಂಟೆ, ಅಷ್ಟೇ. ಇನ್ನೊಂದು, ಮಾಲೀಕರಿಗೆ ಕಟ್ಟಿದ ವರ್ಕ್ ವೀಸಾದವರು ಯಾರದ್ದೋ ಅಂಗಡಿಗೆ ದುಡ್ಡಿಗೆ ಪ್ರೋಗ್ರಾಮ್ ಬರೆದುಕೊಡೋದು ವೀಸಾ ಷರತ್ತಿನ ಉಲ್ಲಂಘನೆ ಆಗಬಹುದು. ಮೊದಲು ವೀಸಾ ಪತ್ರ ಓದಿ.

ಕೊನೇ ಮೂರು ವಾರ ಪ್ರೋಗ್ರಾಮನ್ನ ರೂಮ್‌ಮೇಟ್ ಕೈಗೆ ಕೊಡಿ. ನೀವು ಬಾಯಿ ಬಿಡಬಾರದು, ಬರೀ ನೋಡಬೇಕು. ನನ್ನ ರೂಮಿನ ಅಣ್ಣ ಮೊದಲ ನಿಮಿಷದಲ್ಲೇ `22:00` ಬದಲು `22.00` ಅಂತ ಒತ್ತಿದ, ಪರದೆ ತುಂಬ `ValueError`. "ಕೆಟ್ಟೋಯ್ತೇನೋ?" ಅಂದ. ಅವನದೇನೂ ತಪ್ಪಿಲ್ಲ, ಊರಲ್ಲಿ ನಾವು ಹತ್ತೂವರೆಯನ್ನ 10.30 ಅಂತಲೇ ಬರೆಯೋದು. ಚುಕ್ಕಿಯನ್ನೂ ಒಪ್ಪಿಕೊಳ್ಳೋ ಹಾಗೆ ಒಂದು ಸಾಲು ಸೇರಿಸಿದೆ. ಮಾರನೇ ದಿನ ಅವನು ತನ್ನ ಮೂರು ತಿಂಗಳ ಪೇ ಸ್ಲಿಪ್ ತಂದು ಮೇಜಿನ ಮೇಲಿಟ್ಟ.