ಎರಡು ನಿಮಿಷದ ಮಾತು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಲದ ಕ್ರೀಡಾಕೂಟಕ್ಕೆ ನನ್ನನ್ನು ಮುಖ್ಯ ಅತಿಥಿಯಾಗಿ ಕರೆದಿದ್ದಿರಿ. ಅಲ್ಲಿ ನಾನು ಆಡಿದ್ದು ಎರಡೇ ನಿಮಿಷದ ಮಾತು. ಅದನ್ನು ಸ್ಮರಣ ಸಂಚಿಕೆಗೆ ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ನನಗೆ ನಗು ಬಂತು. ಒಂದು ಪುಟವೂ ತುಂಬುವುದಿಲ್ಲವಲ್ಲ! ಆದರೆ ಆ ಎರಡು ನಿಮಿಷಕ್ಕೆ ನಾನು ಎಂಟು ದಿನ ತಯಾರಿ ಮಾಡಿದ್ದೆ. ಇಲ್ಲಿ ಕೂತವರಲ್ಲಿ ಕೆಲವರು ಮುಂದಿನ ವರ್ಷಗಳಲ್ಲಿ ಅದೇ ಮೈಕಿನ ಮುಂದೆ ನಿಲ್ಲುವವರಿದ್ದೀರಿ. ಅದಕ್ಕೇ ಆ ತಯಾರಿಯ ಕಥೆಯನ್ನೂ ಹೇಳುತ್ತೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ಶಾಲೆಯವರು ಕ್ರೀಡಾಕೂಟಕ್ಕೆ ನನ್ನನ್ನು ಕರೆದಿದ್ದರು. ಬಿ.ಇ. ಓದಿದವ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವ ಎಂದು ಶಾಲು ಹೊದಿಸಿದರು. ನಾನು ಶಿಸ್ತು, ಶ್ರಮ, ಮೊಬೈಲಿನ ಕೆಡುಕು, ತಂದೆ ತಾಯಿಯ ಋಣ ಎಲ್ಲವನ್ನೂ ಹೇಳಿದೆ. ಹದಿನಾಲ್ಕು ನಿಮಿಷ ಆಗಿತ್ತು. ಮಕ್ಕಳು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದರು. ನಾನು ಕೆಳಗಿಳಿದ ಮೇಲೆ ಅಲ್ಲಿನ ದೈಹಿಕ ಶಿಕ್ಷಕರು ಮೆಲ್ಲಗೆ ಒಂದು ಮಾತು ಹೇಳಿದರು: "ಸರ್, ಹುಡುಗರು ಮೈ ಬಿಸಿ ಮಾಡಿಕೊಂಡು ಬಂದಿದ್ರು. ಈಗ ಮತ್ತ ಮೊದಲಿಂದ ಮಾಡಬೇಕು."

ಓಟಕ್ಕೆ ಮೊದಲು ಮಕ್ಕಳು ಮೈದಾನ ಸುತ್ತಿ, ಕಾಲು ಎತ್ತಿ, ಸ್ನಾಯುಗಳನ್ನು ಬೆಚ್ಚಗೆ ಮಾಡಿಕೊಂಡಿರುತ್ತಾರೆ. ಸುಮ್ಮನೆ ನಿಂತರೆ ಹದಿನೈದು ನಿಮಿಷದಲ್ಲಿ ಆ ಬಿಸಿ ಬಹಳಷ್ಟು ಇಳಿದುಹೋಗುತ್ತದೆ. ಬಿಗಿದ ಕಾಲಿನಿಂದ ಒಮ್ಮೆಲೇ ಜೋರಾಗಿ ಓಡಿದರೆ ತೊಡೆಯ ಹಿಂದಿನ ಸ್ನಾಯು ಹಿಡಿದುಕೊಳ್ಳುವ ಭಯ ಹೆಚ್ಚು. ಅಂದು ಮತ್ತೆ ಮೈ ಬಿಸಿ ಮಾಡಿಸುವುದಕ್ಕೆ ಹೊತ್ತು ಹೋಯಿತು. ಕಾರ್ಯಕ್ರಮವೆಲ್ಲ ಹಿಂದೆ ಸರಿದು, ಹುಡುಗಿಯರ 800 ಮೀಟರ್ ಓಟ ಉರಿಬಿಸಿಲಿನ ಹೊತ್ತಿಗೆ ಬಂತು. ಅವರು ಓಡುವುದನ್ನು ನಾನು ಶಾಮಿಯಾನದ ನೆರಳಿನಲ್ಲಿ ಕೂತು ನೋಡಿದೆ. ಅವತ್ತು ಹೊದ್ದ ಶಾಲು ಬಹಳ ಭಾರ ಅನ್ನಿಸಿತು.

ಆದ್ದರಿಂದ ನಮ್ಮ ಶಾಲೆಯಿಂದ ಕರೆ ಬಂದಾಗ ಮೊದಲು ನಮ್ಮ ದೈಹಿಕ ಶಿಕ್ಷಕರಿಗೇ ಫೋನ್ ಮಾಡಿದೆ. ನನ್ನ ಮಾತು ಯಾವಾಗ, ಅದಾದ ಕೂಡಲೇ ಯಾವ ಸ್ಪರ್ಧೆ, ಮಕ್ಕಳು ನಿಂತಿರುತ್ತಾರೋ ಕೂತಿರುತ್ತಾರೋ ಎಂದು ಕೇಳಿದೆ. ಪಥಸಂಚಲನ, ಕ್ರೀಡಾಜ್ಯೋತಿ, ಪ್ರತಿಜ್ಞೆ ಮುಗಿದ ಮೇಲೆ ನನ್ನ ಮಾತು, ಅದರ ಹಿಂದೆಯೇ 400 ಮೀಟರ್ ಓಟ ಎಂದರು. "ಎಷ್ಟು ಹೊತ್ತು ಮಾತಾಡಲಿ ಸರ್?" ಅಂದೆ. "ಎರಡು ನಿಮಿಷ ಸಾಕ್ರಿ" ಅಂದರು.

ಬರೆಯಲು ಕೂತೆ. ಬರೆದದ್ದನ್ನು ಮೊಬೈಲಿನ ಸ್ಟಾಪ್‌ವಾಚ್ ಹಚ್ಚಿ ಗಟ್ಟಿಯಾಗಿ ಓದಿದೆ. ನಾಲ್ಕೂವರೆ ನಿಮಿಷ! ಅದರಲ್ಲಿ ಐವತ್ತು ಸೆಕೆಂಡು ವೇದಿಕೆಯ ಮೇಲಿನವರ ಹೆಸರು ಹೇಳುವುದಕ್ಕೇ ಹೋಗಿತ್ತು. ಹೆಸರು ಬಿಟ್ಟರೆ ಹಿರಿಯರಿಗೆ ಬೇಜಾರಾದೀತು, ಹೇಳಿದರೆ ಮಕ್ಕಳಿಗೆ ಉಳಿಯುವುದು ಒಂದೇ ನಿಮಿಷ. ಸ್ವಾಗತ ಭಾಷಣದಲ್ಲಿ ಎಲ್ಲರ ಹೆಸರೂ ಹೇಗಿದ್ದರೂ ಬರುತ್ತದೆ. ಹಿಂದಿನ ದಿನವೇ ಊರಿಗೆ ಬಂದು ಹಿರಿಯರನ್ನು ಕಂಡು, "ನಾಳೆ ನಿಮ್ಮ ಹೆಸರು ತಗೊಳ್ಳೂದಿಲ್ಲರಿ, ತಪ್ಪು ತಿಳಕೋಬ್ಯಾಡ್ರಿ" ಎಂದು ಹೇಳಿದೆ. ಒಬ್ಬ ಹಿರಿಯರು ನಕ್ಕು, "ಹುಡುಗೂರು ಬಿಸಿಲಾಗ ನಿಲ್ಲೂದು ತಪ್ಪತೈತಿ ಅಂದ್ರ ನಮ್ಮ ಹೆಸರು ಹೋದ್ರ ಹೋಗಲಿ ಬಿಡು" ಅಂದರು. ಐವತ್ತು ಸೆಕೆಂಡು ಐದಕ್ಕೆ ಇಳಿಯಿತು.

ನನ್ನ ಬರಹದಲ್ಲಿ ನಮ್ಮ ಕೆರೆಗೆ ಬರುವ ಪಟ್ಟೆ ತಲೆ ಹೆಬ್ಬಾತುಗಳೂ ಇದ್ದವು. ಹಿಮಾಲಯ ದಾಟಿ ಬರುವ ಹಕ್ಕಿ, ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಉಂಟೇ ಎಂದುಕೊಂಡಿದ್ದೆ. ಅದನ್ನು ಓದಿದ ನನ್ನ ಅಕ್ಕನ ಮಗಳು, "ಮಾಮಾ, ಹಕ್ಕಿ ಕಥಿ ಮಾತ್ರ ಬ್ಯಾಡ. ಬಂದಾವ್ರೆಲ್ಲಾ ಅದನ್ನ ಹೇಳತಾರ" ಅಂದಳು. ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಮೇಲಂತೂ ಮಾಗಡಿಯ ಮಕ್ಕಳು ಆ ಹಕ್ಕಿಯ ಬಗ್ಗೆ ಕೇಳದ ಭಾಷಣವೇ ಇಲ್ಲವಂತೆ. ಹಕ್ಕಿ ಹಾರಿಹೋಯಿತು.

ನಮ್ಮ ಗದಗಿನ ಸುನೀಲ್ ಜೋಶಿಯವರನ್ನೂ ಬರೆದುಕೊಂಡಿದ್ದೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 10 ಓವರಿನಲ್ಲಿ 6 ಮೇಡನ್, 6 ರನ್, 5 ವಿಕೆಟ್. ನನ್ನ ವಯಸ್ಸಿನವರಿಗೆ ಇಷ್ಟು ಅಂದರೆ ಸಾಕು, ಕಣ್ಣು ಅರಳುತ್ತವೆ. ಇಂದಿನ ಮಕ್ಕಳು ಆಗ ಹುಟ್ಟಿಯೇ ಇರಲಿಲ್ಲ. ಅದನ್ನು ಬಿಡಿಸಿ ಹೇಳುವುದಕ್ಕೇ ಒಂದು ನಿಮಿಷ ಬೇಕು. ಅದನ್ನು ಸಂಜೆಗೆ ಉಳಿಸಿಕೊಂಡೆ.

ಕೊನೆಗೆ ಒಂದು ಕೆಲಸ ಮಾಡಿದೆ. ನಮ್ಮ ಕಸುಬಿನಲ್ಲಿ ತಪ್ಪು ಹುಡುಕುವುದು ದಿನದ ಕೆಲಸ. ಬರೆದ ಫೈಲಿನಲ್ಲಿ "ಬೇಕು" ಎಂಬ ಪದವನ್ನು ಹುಡುಕಿದೆ. ಓದಬೇಕು, ಬೆಳೆಯಬೇಕು, ಗೌರವಿಸಬೇಕು ಎಂದು ಹದಿನೇಳು ಕಡೆ ಸಿಕ್ಕಿತು. "ಬಾರದು" ಮೂರು ಕಡೆ. ಉಪದೇಶ ಎಲ್ಲಿದೆ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಅಂಥ ಸಾಲುಗಳನ್ನೆಲ್ಲ ತೆಗೆದೆ. ಸೋಲು ಗೆಲುವು ಮುಖ್ಯವಲ್ಲ, ಭಾಗವಹಿಸುವುದು ಮುಖ್ಯ ಎಂಬ ಸಾಲನ್ನೂ ತೆಗೆದೆ. ಒಂದು ತಿಂಗಳಿನಿಂದ ನಸುಕಿನಲ್ಲಿ ಎದ್ದು ಓಡಿದ ಹುಡುಗಿಗೆ ಗೆಲುವು ಮುಖ್ಯವೇ ಆಗಿರುತ್ತದೆ. ಓಟಕ್ಕೆ ಐದು ನಿಮಿಷ ಇರುವಾಗ ಅದು ಮುಖ್ಯವಲ್ಲ ಎನ್ನಲು ನಾನು ಯಾರು?

ಇಷ್ಟೆಲ್ಲ ತೆಗೆದ ಮೇಲೆ ಉಳಿದದ್ದು ನನ್ನದೇ ಒಂದು ನೆನಪು ಮತ್ತು ಮಕ್ಕಳಿಗೆ ಕೊಡಬಹುದಾದ ಒಂದು ಸುದ್ದಿ. ಅಂದು ಆಡಿದ ಮಾತು ಇದು. ಆಡಿದ ಹಾಗೆಯೇ ಕೊಟ್ಟಿದ್ದೇನೆ.

"ಎಲ್ಲಾರಿಗೂ ನಮಸ್ಕಾರ. ಹಿರಿಯರ ಅಪ್ಪಣಿ ತಗೊಂಡು ಇವತ್ತು ನಾ ಮಕ್ಕಳ ಜೋಡಿ ಅಷ್ಟ ಮಾತಾಡತೀನಿ. ಮಕ್ಕಳೇ, ಎಲ್ಲಾರೂ ಕುಂದರ್ರಿ. ಈಗ ಓಡಾವ್ರು ಮಾತ್ರ ನಿಂತಿರ್ರಿ, ಕಾಲು ಆಡಸ್ಕೋತ ಇರ್ರಿ.

ನಾನೂ ಇದ ಮೈದಾನದಾಗ ಓಡಿದಾವ. ಒಂಬತ್ತನೇ ಕ್ಲಾಸಿನ್ಯಾಗ 400 ಮೀಟರ್ ಓಟಕ್ಕ ಹೆಸರು ಕೊಟ್ಟಿದ್ದೆ. ಎಂಟು ಮಂದಿ ಓಡಿದ್ವಿ. ನಾ ಎಂಟನೇಯಾವ. ಮೂರು ಮಂದಿ ಮುಟ್ಟಿದ ಮ್ಯಾಲ ದಾರ ತಗದ್ರು, ಚಪ್ಪಾಳಿ ಮುಗೀತು. ಆದ್ರ ನಮ್ಮ ಸರ್ ಅಲ್ಲೇ ನಿಂತಿದ್ರು. ಅವರ ಕೈಯಾಗ ಸ್ಟಾಪ್‌ವಾಚ್ ಇನ್ನೂ ಓಡತಿತ್ತು. ನಾ ಗೆರಿ ದಾಟಿದ ಮ್ಯಾಲೆ ಅದನ್ನ ನಿಲ್ಲಿಸಿ, '1 ನಿಮಿಷ 31 ಸೆಕೆಂಡ್' ಅಂತ ಹೇಳಿ ಬರಕೊಂಡ್ರು.

ಮರುವರ್ಷ ಮತ್ತ ಓಡಿದೆ. 1 ನಿಮಿಷ 24 ಸೆಕೆಂಡ್. ಆಗ ಏಳನೇಯಾವ. ಬಹುಮಾನ ಬರಲಿಲ್ಲ. ಆದ್ರ ಹೋದ ವರ್ಷದ ನನ್ನನ್ನ ಏಳು ಸೆಕೆಂಡ್ ಹಿಂದ ಹಾಕಿದ್ದೆ. ಮನೀತನಕ ಕುಣಕೋತ ಹೋದೆ.

ಇವತ್ತು ನಿಮಗ ಒಂದ ಒಂದು ಸುದ್ದಿ ಐತಿ. ಓಡಿದ ಎಲ್ಲಾರಿಗೂ ಟೈಮ್ ಸಿಗತೈತಿ. ಮೊದಲ ಬಂದಾವ್ರಿಗೂ, ಕಡೀಕ ಬಂದಾವ್ರಿಗೂ. ನಾ ಗೆರಿ ಹತ್ರ ಕ್ಯಾಮೆರಾ ಹಿಡಕೊಂಡು ನಿಂತಿರತೀನಿ. ಕಡೀ ಹುಡುಗ, ಕಡೀ ಹುಡುಗಿ ಗೆರಿ ದಾಟೂತನಕ ಅಲ್ಲಿಂದ ಕದಲೂದಿಲ್ಲ.

ಕ್ರೀಡಾಕೂಟ ಶುರು ಆತು. ಬರ್ರಿ ಓಡೂಣು!"

1 ನಿಮಿಷ 52 ಸೆಕೆಂಡು. 

ಮಾತು ಕೊಟ್ಟಮೇಲೆ ನಡೆಸಬೇಕಲ್ಲ! ಗೆರೆಯ ನೇರಕ್ಕೆ, ಪಕ್ಕದಲ್ಲಿ, ಸ್ಟ್ಯಾಂಡಿನ ಮೇಲೆ ಮೊಬೈಲ್ ಇಟ್ಟು ವಿಡಿಯೋ ಹಚ್ಚಿದೆ. ನಮ್ಮ ಟ್ರ್ಯಾಕು 200 ಮೀಟರಿನದು. 400 ಮೀಟರ್ ಓಟ ಶುರುವಾಗುವುದೂ ಮುಗಿಯುವುದೂ ಒಂದೇ ಗೆರೆಯಲ್ಲಿ, ಹಾಗಾಗಿ ತೊಂದರೆ ಇರಲಿಲ್ಲ. 100 ಮೀಟರಿಗೆ ಕ್ಯಾಮೆರಾವನ್ನು ಮೊದಲು ಆ ತುದಿಯ ಸ್ಟಾರ್ಟರ್ ಕಡೆ ತಿರುಗಿಸಿ, ಅವರ ಕೈಯಲ್ಲಿನ ಮರದ ಕ್ಲಾಪರ್ ಕೂಡಿದ್ದನ್ನು ಹಿಡಿದು, ವಿಡಿಯೋ ನಿಲ್ಲಿಸದೆ ಗೆರೆಯ ಕಡೆ ತಿರುಗಿಸಬೇಕು. ಸಪ್ಪಳವನ್ನು ನಂಬುವಂತಿಲ್ಲ. ಅದು 100 ಮೀಟರ್ ದಾಟಿ ಬರಲು ಸುಮಾರು 0.3 ಸೆಕೆಂಡು ಹಿಡಿಯುತ್ತದೆ. ಎರಡನೇ ಹೀಟಿನಲ್ಲಿ ನಾನು ತಿರುಗಿಸುವುದು ತಡವಾಗಿ ಸಪ್ಪಳ ಮಾತ್ರ ಸಿಕ್ಕಿತು. ಆ ಎಂಟು ಮಕ್ಕಳ ಟೈಮಿಗೆ 0.3 ಕೂಡಿಸಿ ಬರೆದೆ. ಇಂಥ ಲೆಕ್ಕ ದಾಖಲೆಗೆ ನಡೆಯುವುದಿಲ್ಲ. ಆದರೆ ಒಂದು ಮಗು ಈ ವರ್ಷದ ತನ್ನನ್ನು ಮುಂದಿನ ವರ್ಷದ ತನ್ನ ಜೊತೆ ಹೋಲಿಸಿಕೊಳ್ಳಲು ಸಾಕು.

ಹುಡುಗಿಯರ 400 ಮೀಟರಿನಲ್ಲಿ ಎಂಟನೇ ಕ್ಲಾಸಿನ ಒಬ್ಬಳು ಬಹಳ ಹಿಂದೆ ಉಳಿದಳು. ಕೊನೆಯ ತಿರುವಿನಲ್ಲಿ ನಡೆದೇಬಿಟ್ಟಳು. ಪಕ್ಕಕ್ಕೆ ಸರಿದು ಹೋಗುತ್ತಾಳೆ ಎಂದುಕೊಂಡೆ. ತಲೆ ಎತ್ತಿ ನೋಡಿದಳು, ನಾನು ಕ್ಯಾಮೆರಾ ಹಿಡಿದು ಅಲ್ಲೇ ಇದ್ದೆ. ಮತ್ತೆ ಓಡಿ ಗೆರೆ ದಾಟಿ, ಉಸಿರು ಬಿಡುತ್ತಲೇ, "ಸರ್, ನಂದೆಷ್ಟ್ರೀ?" ಅಂದಳು. 1 ನಿಮಿಷ 58. ಗೆಳತಿಯ ಹತ್ತಿರ ಪೆನ್ನು ಇಸಕೊಂಡು ಅಂಗೈ ಮೇಲೆ ಬರೆದುಕೊಂಡಳು.

ಸಂಜೆ ಬಹುಮಾನದ ಹೊತ್ತಿಗೆ ಸುನೀಲ್ ಜೋಶಿಯವರ ಕಥೆಯನ್ನು ಆರಾಮವಾಗಿ ಹೇಳಿದೆ. ಆಗ ಮಕ್ಕಳು ದಣಿದು ನೆರಳಲ್ಲಿ ಕೂತಿದ್ದರು, ಅವರೇ ಪ್ರಶ್ನೆ ಕೇಳಿದರು. ಎರಡು ನಿಮಿಷದ ನಿಯಮ ಬೆಳಿಗ್ಗೆಗೆ ಮಾತ್ರ.

ಎಲ್ಲ ಮಕ್ಕಳ ಟೈಮಿನ ಪಟ್ಟಿ ದೈಹಿಕ ಶಿಕ್ಷಕರ ಕಪಾಟಿನಲ್ಲಿದೆ. ಮುಂದಿನ ವರ್ಷ ಯಾರೇ ಅತಿಥಿಯಾಗಿ ಬಂದರೂ ಹಿಂದಿನ ದಿನ ಅದನ್ನು ಒಮ್ಮೆ ತೆಗೆದು ನೋಡಿ. ಏನು ಮಾತಾಡಲಿ ಎಂಬ ಚಿಂತೆ ಇರುವುದಿಲ್ಲ. ನಾನೂ ಬರುತ್ತೇನೆ. ನನಗೆ ಶಾಲು ಬೇಡ, ಗೆರೆಯ ಹತ್ತಿರ ಒಂದು ಕುರ್ಚಿ ಸಾಕು. ಆ ಹುಡುಗಿ ಒಂಬತ್ತನೇ ಕ್ಲಾಸಿಗೆ ಬಂದಿರುತ್ತಾಳೆ.