ಷಟ್ಪದಿಯ ಸಾಲು ಎಲ್ಲಿ ಎಡವುತ್ತದೆ?

ಶಾಲೆಯ ವಾಚನ ಸ್ಪರ್ಧೆಗೆ ನೀತಿಯ ಮೇಲೊಂದು ಷಟ್ಪದಿ ಬರೆಯುವ ಮಕ್ಕಳಿಗೆ, 6 ಬಗೆಗಳಲ್ಲಿ ಅತಿ ಚಿಕ್ಕದಾದ ಶರ ಷಟ್ಪದಿಯೇ ಅನುಕೂಲ. ಕೊಟ್ಟ ಮಾತಿನ ಕುರಿತ ಈ ಪದ್ಯವನ್ನು ಗಮನಿಸಿ:

ನುಡಿದರೆ ಸತ್ಯವ
ನಡೆದರೆ ಹಾಗೆಯೆ
ಬಡತನದಲ್ಲೂ ಸಿರಿಯಿಹುದೈ
ಬಿಡದಿರು ಕೊಟ್ಟಿಹ
ನುಡಿಯನು ಮಗುವೇ
ಕಡೆತನಕದುವೇ ಕಾಯುವುದು

ಇಲ್ಲಿ 1, 2, 4, 5ನೇ ಸಾಲುಗಳಲ್ಲಿ 4 ಮಾತ್ರೆಯ ಎರಡೆರಡು ಗಣಗಳಿವೆ. 3 ಮತ್ತು 6ನೇ ಸಾಲುಗಳಲ್ಲಿ ಅಂಥ ಮೂರು ಗಣ, ಕೊನೆಗೊಂದು ಗುರು. ಕಡೆಯ ‘ದು’ ಲಘುವಾದರೂ ಸಾಲಿನ ಅಂತ್ಯದಲ್ಲಿರುವುದರಿಂದ ಗುರುವೆಂದೇ ಲೆಕ್ಕ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಬರುವ ‘ಡ’ಕಾರವೇ ಪ್ರಾಸ.

ಮಕ್ಕಳು ಎಡವುವುದು ರೂಢಿಯ ಮಾತಿನಲ್ಲಿ. ‘ನುಡಿದರೆ ಸತ್ಯವನ್ನು’ ಎಂದು ಬರೆದರೆ ವ್ಯಾಕರಣ ಸರಿ. ಆದರೆ 8 ಮಾತ್ರೆಯ ಸಾಲು 10ಕ್ಕೆ ಹಿಗ್ಗುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದರಿಂದ ‘ವ’ಕ್ಕೆ ಒಂದು ಮಾತ್ರೆ ಹೆಚ್ಚಿತು, ‘ನ್ನು’ ಮತ್ತೊಂದನ್ನು ಸೇರಿಸಿತು. ಗಣಕ್ಕೊಂದರಂತೆ ಚಪ್ಪಾಳೆ ತಟ್ಟಿ ಓದಿದರೆ ತಪ್ಪು ಕಿವಿಗೇ ತಿಳಿಯುತ್ತದೆ: ತಾಳ ಮುಗಿದರೂ ಮಾತು ಉಳಿದಿರುತ್ತದೆ. ‘ಸತ್ಯವ’ ಎಂದರೆ ಎರಡೂ ಒಟ್ಟಿಗೆ ಮುಗಿಯುತ್ತವೆ.

ಲೆಕ್ಕ ಸರಿಯಾದರೂ ಓದುವಾಗ ಇನ್ನೊಂದು ಅಪಾಯವುಂಟು. 4ನೇ ಸಾಲಿನ ‘ಕೊಟ್ಟಿಹ’ದಲ್ಲಿ ಉಸಿರು ನಿಲ್ಲಿಸಿದರೆ, ಏನನ್ನು ಬಿಡಬಾರದೆಂಬುದೇ ಕೇಳುವವರಿಗೆ ತಿಳಿಯದು. ಅದನ್ನು ಮುಂದಿನ ‘ನುಡಿಯನು’ವಿಗೆ ಸೇರಿಸಿಯೇ ಓದಬೇಕು. ಉಸಿರು ತೆಗೆದುಕೊಳ್ಳಲು 3ನೇ ಸಾಲಿನ ಕೊನೆಯ ಗುರು ಇದೆ. ಪದ್ಯದ ಮೊದಲರ್ಧದ ಅರ್ಥವೂ ಅಲ್ಲಿಯೇ ಮುಗಿಯುತ್ತದೆ.