ಮೊದಲು ಡಿಪಿ ಬದಲಿಸು

ಇವತ್ತಿನ ಎಪಿಸೋಡನ್ನು ಇಯರ್‌ಫೋನ್ ಹಾಕ್ಕೊಂಡು ಕೇಳಿದ್ರೆ ಒಳ್ಳೇದು. ವಿಷಯ ಕೆಟ್ಟದ್ದು ಅಂತಲ್ಲ. ಇದನ್ನು ಯಾರಿಗಾಗಿ ಮಾಡ್ತಿದ್ದೀನೋ, ಅವರಲ್ಲಿ ಎಷ್ಟೋ ಜನ ಮನೆ ಹಾಲ್‌ನಲ್ಲಿ ಕೂತು ಇದನ್ನು ಜೋರಾಗಿ ಕೇಳೋ ಹಾಗಿಲ್ಲ, ಅದಕ್ಕೆ.

ನಾನು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನವನು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ಮತ್ತೆ ಜಾರಿಯಲ್ಲಿರುತ್ತೆ ಅಂತ ಹೇಳಿದಾಗ ನಾನು ಪಿಯುಸಿ ಕಾಮರ್ಸ್ ಮೊದಲ ವರ್ಷ. ರಾತ್ರಿ ಊಟದ ಹೊತ್ತಿಗೆ ಟಿವಿಯಲ್ಲಿ ಸುದ್ದಿ ಬಂತು. ನಮ್ಮಪ್ಪ ಏನೂ ಅನ್ನಲಿಲ್ಲ, ರಿಮೋಟ್ ತಗೊಂಡು ಚಾನೆಲ್ ಬದಲಿಸಿದ್ರು. ನನ್ನ ಬಗ್ಗೆ ಮಾತಾಡೋಕೆ ಒಂದು ಪದ ಇದೆ ಅಂತ ನನಗೆ ಗೊತ್ತಾಗಿದ್ದೂ, ಆ ಪದ ಬಂದ್ರೆ ಮನೆಯಲ್ಲಿ ಚಾನೆಲ್ ಬದಲಾಗುತ್ತೆ ಅಂತ ಗೊತ್ತಾಗಿದ್ದೂ ಒಂದೇ ರಾತ್ರಿ.

ಆ ವಾರ ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರ್‌ಗೆ ಹೋಗಿ, ಸುಳ್ಳು ಹೆಸರಲ್ಲಿ ಅಕೌಂಟ್ ಮಾಡಿ ಒಂದು ಗುಂಪು ಸೇರಿದೆ. 'ನನ್ನ ಥರ ಸಣ್ಣ ಊರಿನವರು ಯಾರಾದ್ರೂ ಇದ್ದೀರಾ?' ಅಂತ ಒಂದೇ ಸಾಲು ಬರೆದೆ. ಮಾರನೇ ದಿನ ಹೋಗಿ ನೋಡಿದ್ರೆ ಹನ್ನೊಂದು ಉತ್ತರ. ಅದರಲ್ಲೊಬ್ಬರು ಕೇಳಿದ್ದು, 'ಊಟ ಆಯ್ತಾ?' ಅಂತ. ಅಷ್ಟೇ. ಆ ಹನ್ನೊಂದು ಉತ್ತರ ಇಲ್ಲದಿದ್ರೆ ಆ ವರ್ಷ ನನಗೆ ಏನಾಗ್ತಿತ್ತೋ ಹೇಳಲಾರೆ. ಹಾಗಾಗಿ 'ಇಂಟರ್ನೆಟ್‌ನಿಂದ ಮಕ್ಕಳು ಕೆಡ್ತಾರೆ' ಅನ್ನೋರಿಗೆ ನನ್ನ ಹತ್ತಿರ ತಾಳ್ಮೆ ಸ್ವಲ್ಪ ಕಡಿಮೆ.

2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟ್, ವಯಸ್ಕರಿಬ್ಬರು ಒಪ್ಪಿ ಮಾಡಿಕೊಳ್ಳೋ ಸಂಬಂಧ ಅಪರಾಧ ಅಲ್ಲ ಅಂತು. ಅಷ್ಟರಲ್ಲಿ ನಾನು ಬಿಕಾಂ ಮುಗಿಸಿ ದಾವಣಗೆರೆಯಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸಕ್ಕೆ ಸೇರಿದ್ದೆ. ಕಾನೂನು ಬದಲಾಯ್ತು, ಸಣ್ಣ ಊರಿನ ಹಾಲ್ ಇನ್ನೂ ಪೂರ್ತಿ ಬದಲಾಗಿಲ್ಲ. ಹದಿನಾರು ಹದಿನೇಳರ ಗೇ ಹುಡುಗನಿಗೋ, ಲೆಸ್ಬಿಯನ್ ಹುಡುಗಿಗೋ, ಟ್ರಾನ್ಸ್ ಮಗುವಿಗೋ ಮನಸ್ಸು ಬಿಚ್ಚಿ ಮಾತಾಡೋ ಜಾಗ ಇವತ್ತೂ ಹೆಚ್ಚಾಗಿ ಫೋನ್ ಒಳಗೇ ಇರೋದು. ಆ ಜಾಗದಲ್ಲಿ ಕಾಲು ಎಲ್ಲಿ ಜಾರುತ್ತೆ ಅನ್ನೋದನ್ನ ಇವತ್ತು ಒಬ್ಬ ಹುಡುಗನ ಕಥೆಯಿಂದ ಹೇಳ್ತೀನಿ. ಹೇಳೋಕೆ ಅವನು ಒಪ್ಪಿದ್ದಾನೆ. ಊರು, ಹೆಸರು ಬೇಡ. ತಮ್ಮ ಅಂತಲೇ ಕರೀತೀನಿ.

ತಮ್ಮನಿಗೆ ಆಗ ಹದಿನೇಳು, ಸೆಕೆಂಡ್ ಪಿಯುಸಿ. ಒಂದು ಮೆಸೇಜಿಂಗ್ ಆ್ಯಪ್‌ನಲ್ಲಿ ಕನ್ನಡ ಮಾತಾಡೋ ಕ್ವಿಯರ್ ಹುಡುಗರ ಗುಂಪು ಸಿಕ್ತು. ಒಳ್ಳೇ ಗುಂಪೇ. ಅವನು ಬೇರೆ ಹೆಸರಿಟ್ಟುಕೊಂಡು ಸೇರಿದ. ಆದ್ರೆ ಎರಡು ಸಣ್ಣ ಕೆಲಸ ಮಾಡಿದ. ಮನೆಯವರಿಗೆಲ್ಲ ಗೊತ್ತಿರೋ ನಂಬರ್‌ನಲ್ಲೇ ಅಕೌಂಟ್ ತೆರೆದ. ಇನ್‌ಸ್ಟಾಗ್ರಾಂನಲ್ಲಿ ಇದ್ದ ಡಿಪಿಯನ್ನೇ, ಅದೇ ಕೂಲಿಂಗ್ ಗ್ಲಾಸ್ ಫೋಟೋ, ಇಲ್ಲೂ ಹಾಕಿದ. ಅಕೌಂಟ್ ಆದ ಹತ್ತು ನಿಮಿಷಕ್ಕೆ ಅವನ ಕಸಿನ್‌ನಿಂದ ಮೆಸೇಜ್: 'ಏನೋ, ನೀನೂ ಬಂದ್ಯಾ? ಇದ್ಯಾವುದೋ ಹೊಸ ಹೆಸರು?'

ನೋಡಿ, ಎಲ್ಲರೂ ಹೆದರಿಸೋದು ಅಪರಿಚಿತರ ಬಗ್ಗೆ. ಸಣ್ಣ ಊರಿನ ಕ್ವಿಯರ್ ಮಗುವಿಗೆ ಮೊದಲ ಅಪಾಯ ಪರಿಚಿತರು. ನಿಮಗೆ ಎರಡು ಹೆಸರಿವೆ: ಮನೆಯಲ್ಲಿ ಒಂದು, ಗುಂಪಲ್ಲಿ ಒಂದು. ಇವೆರಡನ್ನೂ ಜೋಡಿಸೋ ದಾರ ಯಾವುದು ಅಂತ ಹುಡುಕಿ ಮೊದಲೇ ಕತ್ತರಿಸಬೇಕು. ಹೆಚ್ಚಾಗಿ ಆ ದಾರ ಫೋನ್ ನಂಬರ್. ಬಹಳಷ್ಟು ಆ್ಯಪ್‌ಗಳು ನಿಮ್ಮ ಕಾಂಟ್ಯಾಕ್ಟ್ಸ್ ಕೇಳೋದೇ ಪರಿಚಿತರನ್ನು ಹುಡುಕಿಕೊಡೋಕೆ. ಬೇರೆಯವರಿಗೆ ಅದು ಅನುಕೂಲ, ನಿಮಗೆ ಅದೇ ಕುತ್ತು. ನನ್ನ ಕಾಮರ್ಸ್ ತಲೆಗೆ ಹೊಳೆಯೋ ಇನ್ನೊಂದು ಮಾತು: ಯಾವುದೇ ಪೇಮೆಂಟ್ ಆ್ಯಪ್‌ನಲ್ಲಿ ಒಂದು ನಂಬರ್ ಹಾಕಿದ್ರೆ, ಅದಕ್ಕೆ ಯುಪಿಐ ಇದ್ದಲ್ಲಿ ಬ್ಯಾಂಕಿನಲ್ಲಿರೋ ಹೆಸರು ತೋರಿಸುತ್ತೆ. ಅಂದ್ರೆ ನಿಮ್ಮ ನಂಬರ್ ಕೊಟ್ರಿ ಅಂದ್ರೆ ನಿಮ್ಮ ಹೆಸರೋ ಅಪ್ಪನ ಹೆಸರೋ ಕೊಟ್ಟ ಹಾಗೇ.

ಹಾಗಾಗಿ ವಾಟ್ಸಾಪ್ ಗುಂಪಿಗಿಂತ, ಇಮೇಲ್ ಕೊಟ್ಟು ಸೇರಬಹುದಾದ ಜಾಗ ಆರಿಸ್ಕೊಳ್ಳಿ. ಆ ಇಮೇಲ್ ಹೊಸದಾಗಿರಲಿ. ಟೆಲಿಗ್ರಾಂ ಬಳಸಲೇಬೇಕು ಅಂದ್ರೆ Privacy and Security ಒಳಗೆ Phone Number ಅಂತ ಇದೆ. ಅಲ್ಲಿ ನಂಬರ್ ಯಾರಿಗೆ ಕಾಣಬೇಕು ಅನ್ನೋದಕ್ಕೆ Nobody ಇಡಿ. ಅದರ ಕೆಳಗೇ, ನಂಬರ್ ಇಟ್ಕೊಂಡು ನಿಮ್ಮನ್ನು ಯಾರು ಹುಡುಕಬಹುದು ಅನ್ನೋದಕ್ಕೆ My Contacts ಇಡಿ. ಕಾಂಟ್ಯಾಕ್ಟ್ಸ್ ಸಿಂಕ್ ಆಫ್ ಮಾಡಿ. ಇಷ್ಟು ಮಾಡಿದ್ರೂ ಮನೆಯವರ ನಂಬರ್‌ನಲ್ಲಿ ಪೂರ್ತಿ ಮರೆಯಲ್ಲಿರೋಕೆ ಆಗಲ್ಲ. ಫೋಟೋ ಬೇಕೇ ಬೇಕು ಅಂದ್ರೆ ಬೇರೆಲ್ಲೂ ಹಾಕದ ಒಂದು ಹೂವಿನದ್ದೋ ಬೆಕ್ಕಿನದ್ದೋ ಹಾಕಿ. ಕಾಲೇಜ್ ಐಡಿ ಕಾರ್ಡ್ ದಾರ, ಮನೆ ಗೇಟು, ಬಸ್ ಬೋರ್ಡು ಇರೋ ಫೋಟೋ ಬೇಡ. ಊರು ಕೇಳಿದ್ರೆ ಜಿಲ್ಲೆ ಹೇಳಿ, ಸಾಕು.

ಸ್ವಂತ ಫೋನ್ ಇಲ್ಲದೆ ಅಮ್ಮನ ಫೋನ್ ಬಳಸೋರಿಗೆ, ಅದರಲ್ಲೂ ಹುಡುಗಿಯರಿಗೆ, ಇನ್ನೊಂದು ತೊಂದರೆ ಇದೆ. ನೀವು ಯೂಟ್ಯೂಬ್‌ನಲ್ಲಿ ಒಂದು ವಿಡಿಯೋ ನೋಡಿ ಹೋಗ್ತೀರಿ. ಸಂಜೆ ಅಮ್ಮ ಅಡುಗೆ ವಿಡಿಯೋ ನೋಡೋಣ ಅಂತ ತೆರೆದ್ರೆ ಅದರದ್ದೇ ಥರದ ನಾಲ್ಕು ವಿಡಿಯೋ ಮೇಲೆ ಬಂದು ಕೂತಿರುತ್ವೆ. ನೋಡೋ ಮುಂಚೆ ಯೂಟ್ಯೂಬ್‌ನಲ್ಲಿ, ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೋ ಆನ್ ಮಾಡೋದು ಇದಕ್ಕೇ. ಅಂಥ ಫೋನ್‌ನಲ್ಲಿ ಆ್ಯಪ್ ಹಾಕಬೇಡಿ. ಬ್ರೌಸರ್‌ನಲ್ಲೇ ಲಾಗಿನ್ ಆಗಿ, ಮುಗಿದ ಮೇಲೆ ಲಾಗ್‌ಔಟ್ ಆಗಿ.

ಸರಿ, ತಮ್ಮನ ಕಥೆಗೆ ಬರ್ತೀನಿ. ಕಸಿನ್‌ಗೆ ಏನೋ ಸುಳ್ಳು ಹೇಳಿ ಪಾರಾದ. ಗುಂಪಲ್ಲಿ ಮೂರು ವಾರ ಚೆನ್ನಾಗೇ ಇದ್ದ. ಆಮೇಲೆ ಒಬ್ಬ ಪ್ರೈವೇಟ್ ಮೆಸೇಜ್ ಮಾಡೋಕೆ ಶುರು ಮಾಡಿದ. ತಾನೂ ಹದಿನೇಳು ಅಂದ. ದಿನಾ ರಾತ್ರಿ ಮಾತು. ನಾಲ್ಕನೇ ದಿನ 'ಈ ಗುಂಪಿನ ಅಡ್ಮಿನ್‌ಗಳು ಸರಿ ಇಲ್ಲ, ಬೇರೆ ಆ್ಯಪ್‌ಗೆ ಬಾ' ಅಂದ. ಅಲ್ಲಿ ಹೋದ ಮೇಲೆ 'ನಿಜವಾದ ಹುಡುಗ ಅಂತ ಹೇಗೆ ನಂಬಲಿ, ಮುಖ ತೋರಿಸು' ಅಂದ. ತಮ್ಮ ಮುಖದ ಫೋಟೋ ಕಳಿಸಿದ. ಎರಡು ದಿನ ಕಳೆದು ಬಂದದ್ದು ಅವನ ಇನ್‌ಸ್ಟಾಗ್ರಾಂ ಫಾಲೋವರ್ಸ್ ಪಟ್ಟಿಯ ಸ್ಕ್ರೀನ್‌ಶಾಟ್, ಕಸಿನ್ ಹೆಸರಿಗೆ ಕೆಂಪು ಗೆರೆ, ಕೆಳಗೆ 'ಐನೂರು ಹಾಕು' ಅಂತ. ಹುಡುಕೋಕೆ ಅದೇ ಕೂಲಿಂಗ್ ಗ್ಲಾಸ್ ಡಿಪಿ ಸಾಕಾಗಿತ್ತು.

ಇಲ್ಲಿ ನಾನು ಗಮನಿಸಿ ಅನ್ನೋದು ಮುಖದ ಫೋಟೋ ಕೇಳಿದ ಕ್ಷಣ ಅಲ್ಲ, ಅದಕ್ಕಿಂತ ಎರಡು ಹೆಜ್ಜೆ ಹಿಂದಿನದು: 'ಅವರು ಸರಿ ಇಲ್ಲ, ಬೇರೆ ಕಡೆ ಬಾ.' ಒಳ್ಳೇ ಗುಂಪಿನ ಬೆಲೆ ಇರೋದೇ ಅಲ್ಲಿ ನಾಲ್ಕು ಜನ ನೋಡ್ತಿರ್ತಾರೆ ಅನ್ನೋದ್ರಲ್ಲಿ. ನಿಯಮ ಮೇಲೇ ಬರೆದಿರುತ್ತೆ, ದೂರು ಹೇಳಿದ್ರೆ ಅಡ್ಮಿನ್ ಉತ್ತರ ಕೊಡ್ತಾರೆ, ಹದಿನೆಂಟರ ಕೆಳಗಿನವರಿಗೆ ದೊಡ್ಡವರು ಪ್ರೈವೇಟ್ ಮೆಸೇಜ್ ಮಾಡಬಾರದು ಅಂತ ಇರುತ್ತೆ. ಆ ನಾಲ್ಕು ಜನರ ಕಣ್ಣಿಂದ ನಿಮ್ಮನ್ನು ಆಚೆ ಎಳೆಯೋಕೆ ಅವಸರ ಮಾಡೋನು ಯಾಕೆ ಅವಸರ ಮಾಡ್ತಾನೆ ಅಂತ ಕೇಳ್ಕೊಳ್ಳಿ. ವಯಸ್ಸು ಸುಳ್ಳು ಹೇಳಿ ಡೇಟಿಂಗ್ ಆ್ಯಪ್ ಸೇರೋದನ್ನ ನಾನು ಬೇಡ ಅನ್ನೋದಕ್ಕೂ ಇದೇ ಕಾರಣ. ಅಲ್ಲಿ ನೋಡೋ ನಾಲ್ಕು ಜನ ಇಲ್ಲ, ಇರೋರೆಲ್ಲ ವಯಸ್ಕರು.

ತಮ್ಮ ರೀಚಾರ್ಜ್ ಅಂಗಡಿಯವನಿಗೆ ನಗದು ಕೊಟ್ಟು ಐನೂರು ಹಾಕಿಸಿದ. ಮಾರನೇ ದಿನ ಎರಡು ಸಾವಿರ ಕೇಳಿದ. ಕೊಟ್ಟವನು ಮತ್ತೆ ಕೊಡ್ತಾನೆ ಅನ್ನೋದೇ ಈ ದಂಧೆಯ ಲೆಕ್ಕ. ಆವಾಗ ಅವನು ಗುಂಪಿನ ಅಡ್ಮಿನ್ ಒಬ್ಬರಿಗೆ ಹೇಳಿದ. ಅವರನ್ನು ಅಕ್ಕ ಅಂತಾನೆ ಅವನು. ಅಕ್ಕ ಮಾಡಿಸಿದ್ದು ಇಷ್ಟು: ಇನ್ನು ದುಡ್ಡು ಬೇಡ, ಬೇಡ್ಕೊಳ್ಳೋದೂ ಬೇಡ. ಚಾಟ್ ಅಳಿಸಬೇಡ. ಬೆದರಿಕೆ, ಯೂಸರ್‌ನೇಮ್, ದುಡ್ಡು ಹೋದ ಯುಪಿಐ ಐಡಿ, ದಿನಾಂಕ, ಎಲ್ಲದರ ಸ್ಕ್ರೀನ್‌ಶಾಟ್ ತೆಗಿ. ಆಮೇಲೆ ಆ್ಯಪ್‌ಗೆ ರಿಪೋರ್ಟ್ ಮಾಡಿ ಬ್ಲಾಕ್ ಮಾಡು. ಇನ್‌ಸ್ಟಾಗ್ರಾಂ ಪ್ರೈವೇಟ್ ಮಾಡು. ಅವನನ್ನು ಗುಂಪಿಂದ ತೆಗೆದು, ಆ ಐಡಿ ಬಗ್ಗೆ ಉಳಿದವರಿಗೂ ಎಚ್ಚರಿಕೆ ಹಾಕಿದ್ರು. ಆ ಮನುಷ್ಯ ಎರಡು ದಿನ ಬೇರೆ ಬೇರೆ ಅಕೌಂಟಿಂದ ಕೂಗಾಡಿ ಸುಮ್ಮನಾದ. ಎಲ್ಲರೂ ಹೀಗೆ ಸುಮ್ಮನಾಗ್ತಾರೆ ಅಂತ ನಾನು ಮಾತು ಕೊಡಲ್ಲ. ಕೆಲವರು ಕಳಿಸೇ ಬಿಡ್ತಾರೆ.

ಕೈಯಲ್ಲಿ ಇರೋದು ಮುಖದ ಫೋಟೋ ಅಲ್ಲ, ಖಾಸಗಿ ಫೋಟೋ ಅಂದ್ರೆ takeitdown.ncmec.org ಅಂತ ಒಂದಿದೆ. ಹದಿನೆಂಟರ ಕೆಳಗೆ ಇದ್ದಾಗಿನ ನಗ್ನ ಅಥವಾ ಅರೆನಗ್ನ ಫೋಟೋಗಳಿಗೆ, ಹೆಸರು ಹೇಳದೆ ಬಳಸಬಹುದು. ಫೋಟೋ ನಿಮ್ಮ ಫೋನ್ ಬಿಟ್ಟು ಹೋಗಲ್ಲ, ಅದರ ಬೆರಳಚ್ಚಿನಂಥ ಒಂದು ಕೋಡ್ ಮಾತ್ರ ಹೋಗುತ್ತೆ, ಒಪ್ಪಿಕೊಂಡಿರೋ ಆ್ಯಪ್‌ಗಳು ಅದನ್ನಿಟ್ಟು ಹುಡುಕಿ ತೆಗೀತಾವೆ. ಎನ್‌ಕ್ರಿಪ್ಟ್ ಆಗಿರೋ ಮೆಸೇಜ್‌ಗಳೊಳಗೆ ಇದು ಕೆಲಸ ಮಾಡಲ್ಲ. ಇನ್ನೊಂದು, ಸಾಕ್ಷಿಗೆ ಅಂತ ಆ ಫೋಟೋವನ್ನೇ ಯಾರಿಗೂ ಮತ್ತೆ ಕಳಿಸಬೇಡಿ. ಬೆದರಿಕೆಯ ಸ್ಕ್ರೀನ್‌ಶಾಟ್ ಸಾಕು.

ಪೊಲೀಸ್ ಅಂದ್ರೆ ಎಲ್ಲರಿಗೂ ಒಂದೇ ಭಯ, ಮನೆಗೆ ಗೊತ್ತಾಗುತ್ತೆ ಅಂತ. ಆ ಭಯ ಸುಳ್ಳಲ್ಲ. ದುಡ್ಡು ಹೋಗಿದ್ರೆ 1930, ಆನ್‌ಲೈನ್ ದೂರಿಗೆ cybercrime.gov.in. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಆಗಿದ್ರೆ ಪೋಕ್ಸೋ ಕಾಯ್ದೆ ಬರುತ್ತೆ. ಅದರಲ್ಲಿ ಹೇಳಿಕೆ ಪಡೆಯುವಾಗ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಜೊತೆಗೆ ತಂದೆತಾಯಿಯೇ ಇರಬೇಕು ಅಂತಲೂ ಇಲ್ಲ, ಮಗು ನಂಬೋ ಬೇರೆ ಯಾರಾದ್ರೂ ಇರಬಹುದು ಅಂತ ಕಾಯ್ದೆಯಲ್ಲೇ ಇದೆ. ಈ ಒಂದು ಸಾಲು ಎಷ್ಟೋ ಜನರಿಗೆ ಗೊತ್ತಿಲ್ಲ. ಹಾಗಾಗಿ ಮೇಷ್ಟ್ರೋ, ಚಿಕ್ಕಮ್ಮನೋ, ಅಂಥ ಒಬ್ಬ ದೊಡ್ಡವರನ್ನ ತೊಂದರೆ ಬರೋ ಮುಂಚೆಯೇ ಮನಸ್ಸಲ್ಲಿ ಗುರುತು ಮಾಡಿಟ್ಕೊಳ್ಳಿ. ಅಂಥವರು ಯಾರೂ ಇಲ್ಲ ಅಂದ್ರೆ ಮಕ್ಕಳ ಸಹಾಯವಾಣಿ 1098. ರಾತ್ರಿ ಬದುಕೋದೇ ಬೇಡ ಅನ್ನಿಸಿದ್ರೆ ಟೆಲಿಮಾನಸ್ 14416, ದಿನದ ಯಾವ ಹೊತ್ತಿಗೂ, ಕನ್ನಡದಲ್ಲೂ ಮಾತಾಡ್ತಾರೆ. ಗುಂಪಿನ ಗೆಳೆಯರು ಎಷ್ಟೇ ಒಳ್ಳೆಯವರಾದ್ರೂ ಅವರೂ ಹದಿನೇಳರವರೇ. ಆ ಭಾರ ಅವರೊಬ್ಬರ ಮೇಲೇ ಬಿಡಬೇಡಿ.

ಒಂದು ವಿಷಯದಲ್ಲಿ ಮಾತ್ರ ಒಳ್ಳೇ ಗುಂಪುಗಳೂ ತಪ್ತಾವೆ. ಬೆಂಗಳೂರಲ್ಲಿ ಸಂಬಳ ತಗೊಂಡು ಪಿಜಿಯಲ್ಲಿರೋರು 'ಧೈರ್ಯ ಮಾಡಿ ಮನೆಯಲ್ಲಿ ಹೇಳಿಬಿಡು' ಅಂತಾರೆ. ಹೇಳೋದು ಸುಲಭ. ನಿಮ್ಮ ಫೀಸು, ಊಟ, ಫೋನು, ಮಲಗೋ ಚಾಪೆ ಎಲ್ಲ ಆ ಮನೆಯದ್ದೇ ಆಗಿರೋವಾಗ ಹೇಳದೆ ಇರೋದು ಹೇಡಿತನ ಅಲ್ಲ. ನಾನು ಹೇಳಿದ್ದು ಮೂರನೇ ಸಂಬಳ ಬಂದ ಮೇಲೆ, ಗೆಳೆಯನ ರೂಮಿನ ಒಂದು ಕೀಲಿ ಜೇಬಲ್ಲಿಟ್ಕೊಂಡು. ಅಪ್ಪ ಎಂಟು ತಿಂಗಳು ಮಾತಾಡಲಿಲ್ಲ. ಕೀಲಿ ಕೆಲಸಕ್ಕೆ ಬಂತು.

ತಮ್ಮ ಈಗ ಡಿಗ್ರಿ ಮೊದಲ ವರ್ಷ. ಮನೆಯಲ್ಲಿ ಇನ್ನೂ ಹೇಳಿಲ್ಲ. ಅದೇ ಗುಂಪಲ್ಲಿದ್ದಾನೆ, ಹೊಸ ಹೆಸರು, ಹೊಸ ಇಮೇಲ್, ಡಿಪಿಯಲ್ಲಿ ಒಂದು ದಾಸವಾಳ. ಹೊಸಬರು ಯಾರಾದ್ರೂ ಸೇರಿದ್ರೆ ಮೊದಲು ಮಾತಾಡಿಸೋದು ಇವನೇ. 'ಊಟ ಆಯ್ತಾ' ಅಂತಾನೆ, ಆಮೇಲೆ 'ಈ ಫೋಟೋ ಇನ್ನೆಲ್ಲಾದ್ರೂ ಹಾಕಿದ್ದೀಯಾ?' ಅಂತ ಕೇಳ್ತಾನೆ. ಹೂಂ ಅಂದ್ರೆ, 'ಮೊದಲು ಡಿಪಿ ಬದಲಿಸು, ನಾನು ಇಲ್ಲೇ ಇರ್ತೀನಿ' ಅಂತಾನೆ.